ಬೋರ್ಡ್ ದೊಡ್ಡಮ್ಮ ಕೇಳಿಸಿಕೊಂಡ ಧ್ವನಿ

ಆ ಕಡೆಯವರು ಫೋನೆತ್ತಿ "ಹಲೋ" ಅನ್ನುವಷ್ಟರಲ್ಲಿ ಬೋರ್ಡ್ ದೊಡ್ಡಮ್ಮನಿಗೆ ಅವರ ಅರ್ಧ ಜಾತಕ ಗೊತ್ತಾಗಿಬಿಡುತ್ತಿತ್ತು. ಹೆಂಡತಿಯ ಜೊತೆ ಜಗಳವಾಡಿ ಆಫೀಸಿಗೆ ಬಂದವರು, ಸಾಲ ಕೊಟ್ಟವನೆಂದುಕೊಂಡು ಹೆದರುತ್ತ ಎತ್ತಿದವರು, ಬಾಯಲ್ಲಿ ತಿಂಡಿ ಇಟ್ಟುಕೊಂಡೇ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದವರು, ಯಾರೂ ಆಕೆಯ ಕಿವಿಯಿಂದ ತಪ್ಪಿಸಿಕೊಂಡವರಲ್ಲ. ದೊಡ್ಡ ಕಂಪನಿಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಕೂತೇ ಆಕೆಯ ಯೌವನವೆಲ್ಲ ಕಳೆದುಹೋಗಿತ್ತು. ಮೊದಲು ವಯರುಗಳನ್ನು ತೂತಿಗೆ ಚುಚ್ಚುವ ಮರದ ಬೋರ್ಡು, ಆಮೇಲೆ ಗುಂಡಿ ಒತ್ತುವ ಬೋರ್ಡು, ಕೊನೆಗೆ ಕಂಪ್ಯೂಟರ್ ಬಂದು ಬೋರ್ಡೂ ಹೋಯಿತು, ಆಕೆಯೂ ಮನೆಗೆ ಬಂದಳು. ಬಳಗದವರ ಬಾಯಲ್ಲಿ ಹೆಸರು ಮಾತ್ರ ಹಾಗೇ ಉಳಿಯಿತು. ಹೊಸಬರು ಯಾರಾದರೂ "ಯಾವ ಬೋರ್ಡಿನ ಮೆಂಬರ್ ನೀವು?" ಎಂದು ಭಕ್ತಿಯಿಂದ ಕೇಳಿದರೆ ಆಕೆ ಗಂಭೀರವಾಗಿಯೇ "ಇಡೀ ಬೋರ್ಡ್ ನಂದೇ ಇತ್ತು" ಎನ್ನುತ್ತಿದ್ದಳು.

ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, ಬಂದ ಗಂಡುಗಳ ಧ್ವನಿ ಹಿಡಿಸಲಿಲ್ಲ ಎಂದು ಉತ್ತರ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದಳು. ಅದು ತಮಾಷೆಯೋ ನಿಜವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದು, ಇಡೀ ಬಳಗವನ್ನು ಫೋನಿನಲ್ಲೇ ಸಾಕಿದಳು ಎಂದರೆ ತಪ್ಪಲ್ಲ. ಯಾರ ಮನೆಯಲ್ಲಿ ಜ್ವರ, ಯಾರಿಗೆ ಕೆಲಸ ಹೋಯಿತು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಮೊದಲು ಮುಟ್ಟುತ್ತಿದ್ದದ್ದು ಆಕೆಗೆ.

ಆಕೆಯ ತಂಗಿಯ ಮಗಳೇ ಡಾಕ್ಟರ್ ಹುಡುಗಿ. ದೊಡ್ಡ ಆಸ್ಪತ್ರೆಯೊಂದರ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುತ್ತ ಕಲಿಯುತ್ತಿದ್ದವಳು. ನಿದ್ದೆಗೆಟ್ಟ ಮುಖ, ಜೇಬಿನ ತುಂಬ ಪೆನ್ನು, ಊಟದ ಹೊತ್ತಿಗೆ ಊಟವಿಲ್ಲ. ಮೊದಲ ವರ್ಷದ ಪರೀಕ್ಷೆಯಲ್ಲಿ ಅವಳು ಒಂದು ವಿಷಯದಲ್ಲಿ ಫೇಲಾದಾಗ, ದೊಡ್ಡಮ್ಮನಿಗೆ ಫೋನ್ ಮಾಡಿ "ಊಟ ಆಯ್ತಾ?" ಎಂದಷ್ಟೇ ಕೇಳಿದ್ದಳು. ಆ ಕಡೆಯಿಂದ ದೊಡ್ಡಮ್ಮ, "ಯಾವ ಸಬ್ಜೆಕ್ಟು?" ಎಂದಿದ್ದಳು. ಇಂಥ ಕಿವಿಯ ಮುಂದೆ ಏನನ್ನು ಬಚ್ಚಿಡುವುದು?

ಬಚ್ಚಿಡುವ ಸರದಿ ದೊಡ್ಡಮ್ಮನಿಗೂ ಬಂತು. ಸ್ನಾನ ಮಾಡುವಾಗ ಎಡ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತ್ತು. ನೋವಿಲ್ಲದ, ಗಟ್ಟಿಯಾದ, ಅಡಿಕೆ ಗಾತ್ರದ ಗಂಟು. ಕೆಲವು ವಾರ ಅದರ ಜೊತೆ ಒಬ್ಬಳೇ ಇದ್ದು, ಕೊನೆಗೆ ಹುಡುಗಿಗೆ ಫೋನ್ ಮಾಡಿ, "ಪುಟ್ಟೀ, ಒಂದು ಲೈನಲ್ಲಿ ತೊಂದ್ರೆ ಇದೆ, ಬಂದು ನೋಡ್ತೀಯಾ?" ಎಂದಳು. ಹುಡುಗಿ ಬಂದು ನೋಡಿ, ಕೈ ಹಿಡಿದು ತನ್ನ ಆಸ್ಪತ್ರೆಗೇ ಕರೆದುಕೊಂಡು ಹೋದಳು. ಸ್ತನದ ಎಕ್ಸ್-ರೇ ಆಯಿತು, ದಪ್ಪ ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೇ ಎಂದು ಬಂತು. ಆದರೆ ಚಿಕ್ಕದು, ಬೇರೆಲ್ಲೂ ಹೋದ ಗುರುತಿಲ್ಲ, ಬೇಗ ಆಪರೇಷನ್ ಮಾಡಿದರೆ ಪೂರ್ತಿ ವಾಸಿಯಾಗುವ ಸಾಧ್ಯತೆ ಚೆನ್ನಾಗಿದೆ ಎಂದರು ಶಸ್ತ್ರಚಿಕಿತ್ಸೆಯ ಡಾಕ್ಟರು. ಮುಂದಿನ ವಾರಕ್ಕೆ ದಿನ ಗೊತ್ತಾಯಿತು. "ಯಾರಿಗೂ ಹೇಳ್ಬೇಡ. ನಂಗೆ ಎಲ್ಲರ ಸುದ್ದಿ ಬೇಕು, ನನ್ನ ಸುದ್ದಿ ಯಾರಿಗೂ ಬೇಡ," ಎಂದಳು ದೊಡ್ಡಮ್ಮ.

ಇಷ್ಟಾದ ಮೇಲೆ ಒಂದು ಮಧ್ಯಾಹ್ನ, ಹುಡುಗಿ ವಾರ್ಡಿನ ಪಕ್ಕದ ಕೋಣೆಯಲ್ಲಿ ತಣ್ಣಗಾದ ಅನ್ನ ಕಲಸುತ್ತಿದ್ದಾಗ ದೊಡ್ಡಮ್ಮನಿಂದ ಒಂದು ಮೆಸೇಜ್ ಬಂತು. ಯಾವುದೋ ಹಸಿರು ಎಲೆಯ ಫೋಟೋ. ಅದರ ಕೆಳಗೆ ಯಾರೋ ಟೈಪ್ ಮಾಡಿದ ದಪ್ಪಕ್ಷರದ ಸಾಲುಗಳು: ಕ್ಯಾನ್ಸರಿಗೆ ರಾಮಬಾಣ, ಆಸ್ಪತ್ರೆಗಳು ಮುಚ್ಚಿಟ್ಟ ಗುಟ್ಟು, ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ. ಇಂಥವು ಬಳಗದ ಗುಂಪಿನಲ್ಲಿ ದಿನಕ್ಕೆ ಎರಡು ಬರುತ್ತಿದ್ದವು, ಹುಡುಗಿ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಆದರೆ ದೊಡ್ಡಮ್ಮ ಇಂಥದ್ದನ್ನು ಯಾವತ್ತೂ ಕಳಿಸಿದವಳಲ್ಲ. ಕೊನೆಯಲ್ಲಿ ಒಂದು ಧ್ವನಿಮುದ್ರಣವೂ ಇತ್ತು. ಹುಡುಗಿ ಎಡಗೈಯಿಂದ ಅದನ್ನು ಒತ್ತಿದಳು.

"ಗಾಬರಿ ಬೀಳ್ಬೇಡಿ ಮರಿ," ಎಂದಿತು ಒಂದು ಹೆಣ್ಣು ಧ್ವನಿ. ಮಾತಿಗೆ ಮುಂಚೆ ಒಂದು ಸಣ್ಣ ನಗು. "ನಂಗೂ ಎದೆಯಲ್ಲಿ ಗಂಟಿತ್ತು. ನಿಂಬೆಹಣ್ಣಿನಷ್ಟು ದೊಡ್ಡದು. ಈಗ ಹುಡುಕಿದ್ರೂ ಸಿಗಲ್ಲ. ಈ ಎಲೆ ಕುದಿಸಿ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಲೋಟ, ಸಾಯಂಕಾಲ ಒಂದು ಲೋಟ. ಎರಡು ತಿಂಗಳಲ್ಲಿ ಕರಗಿಹೋಯ್ತು. ಕತ್ತಿ ಮುಟ್ಟಿಸ್ಬೇಡಿ ಮರಿ, ಮುಟ್ಟಿಸಿದ್ರೆ ಹರಡುತ್ತಂತೆ. ನನ್ನ ನೋಡಿ, ಚೆನ್ನಾಗಿದ್ದೀನಿ. ನಾನು ಚೆನ್ನಾಗಿದ್ದೀನಿ."

ಹುಡುಗಿಯ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು. ಆ ಧ್ವನಿ ಅವಳಿಗೆ ಗೊತ್ತಿತ್ತು.

ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ ಹೆಂಗಸು. ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಶಿಶುಗೃಹದಲ್ಲಿ ಆಯಾ ಆಗಿದ್ದವಳು. ಎಲ್ಲರೂ ಅವಳಿಗೆ ಮರಿಗಳೇ. ನರ್ಸು ಮರಿ, ಕಸ ಗುಡಿಸುವವನು ಮರಿ, ಇವಳು ಡಾಕ್ಟರ್ ಮರಿ. ಕೈಯಲ್ಲಿ ನರ ಸಿಗದೆ ಹುಡುಗಿ ಮೂರನೇ ಸಲ ಸೂಜಿ ಚುಚ್ಚುವಾಗ ಬೆವರಿದ್ದನ್ನು ಕಂಡು, ಉಬ್ಬಸದ ನಡುವೆಯೂ ನಕ್ಕು, "ಗಾಬರಿ ಬೀಳ್ಬೇಡಿ ಮರಿ, ನಿಧಾನ," ಎಂದಿದ್ದಳು. ನಾಲ್ಕು ತಿಂಗಳ ಹಿಂದೆ ಅವಳ ಕಣ್ಣಿನ ರೆಪ್ಪೆ ಎತ್ತಿ ಟಾರ್ಚು ಬಿಟ್ಟವಳು ಇದೇ ಹುಡುಗಿ. ಎದೆಬಡಿತ ಕೇಳಿಸದಿದ್ದಾಗ ಇನ್ನೊಮ್ಮೆ ಕೇಳಿ, ಸಾವಿನ ಹೊತ್ತು ಬರೆದು, ಸಹಿ ಹಾಕಿದವಳೂ ಇವಳೇ.

ಈಗ ಆ ಹೆಂಗಸು ಅಂಗೈಯೊಳಗಿನಿಂದ ನಗುತ್ತ, ತಾನು ಚೆನ್ನಾಗಿದ್ದೇನೆ ಎನ್ನುತ್ತಿದ್ದಳು. ಗೋಡೆಯಾಚೆ ಕಿಟಕಿ ಪಕ್ಕದ ಆ ಹಾಸಿಗೆ ಇತ್ತು, ಅದರ ಮೇಲೆ ಬೇರೆ ಯಾರೋ ಇದ್ದರು. ಆದರೂ ಹುಡುಗಿ ಎದ್ದು ಹೋಗಿ ನೋಡಿ ಬಂದಳು. ಡಾಕ್ಟರಾದವಳು ಹೀಗೆ ನೋಡಿ ಬರುವುದಾ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಭಯವೇನೂ ಕಡಿಮೆಯಾಗಲಿಲ್ಲ.

ದೊಡ್ಡಮ್ಮ ಮೆಸೇಜಿನ ಕೆಳಗೆ ಒಂದೇ ಮಾತು ಬರೆದಿದ್ದಳು: "ಇವಳು ಸುಳ್ಳು ಹೇಳ್ತಿಲ್ಲ ಪುಟ್ಟಿ."

ರೋಗಿಯ ಗುಟ್ಟು ಡಾಕ್ಟರ ಬಾಯಿಂದ ಹೊರಗೆ ಬೀಳಬಾರದು, ಸತ್ತ ಮೇಲೂ ಬೀಳಬಾರದು. ಮೊದಲ ದಿನ ಕಲಿಸಿದ ಪಾಠ ಅದು. ಹಾಗಾಗಿ ಹುಡುಗಿ ತಾನು ಹೇಳಬಹುದಾದದ್ದನ್ನಷ್ಟೇ ಬರೆಯಲು ಕೂತಳು. ಅಳಿಸಿ, ಬರೆದು, ಮತ್ತೆ ಅಳಿಸಿ, ಕೊನೆಗೆ ಕಳಿಸಿದ್ದು ಹೀಗಿತ್ತು:

"ದೊಡ್ಡಮ್ಮಾ, ಎಲೆ ಮೇಲೆ ನಂಗೇನೂ ಹಗೆ ಇಲ್ಲ. ಮನೆ ಮುಂದೆ ಬೆಳೆಯೋ ನಿತ್ಯಪುಷ್ಪದಿಂದ ರಕ್ತದ ಕ್ಯಾನ್ಸರಿಗೆ ಔಷಧಿ ಬಂದಿದೆ, ಒಂದು ಮರದ ತೊಗಟೆಯಿಂದ ಎದೆ ಕ್ಯಾನ್ಸರಿಗೇ ಬಂದಿದೆ. ಆದರೆ ರಾಶಿ ರಾಶಿ ಎಲೆಯಿಂದ ಚಿಟಿಕೆಯಷ್ಟು ತೆಗೆದು, ವಿಷದ ಪಾಲು ಎಷ್ಟು, ಗುಣದ ಪಾಲು ಎಷ್ಟು ಅಂತ ಅಳೆದು, ಸಾವಿರಾರು ಜನರಲ್ಲಿ ಕೆಲವರಿಗೆ ಕೊಟ್ಟು, ಕೆಲವರಿಗೆ ಬೇರೆ ಕೊಟ್ಟು, ವರ್ಷಗಟ್ಟಲೆ ಹೋಲಿಸಿ ನೋಡಿದ ಮೇಲೆ ಅದು ಔಷಧಿ ಆಯ್ತು. ಈ ಎಲೆಗೆ ಅಂಥದ್ದೇನೂ ಆಗಿಲ್ಲ. ಆ ಮೆಸೇಜಲ್ಲಿ, ಲ್ಯಾಬಿನ ಗಾಜಿನ ತಟ್ಟೇಲಿ ಕ್ಯಾನ್ಸರ್ ಕಣ ಸತ್ತವು ಅಂತ ಬರೆದಿದ್ದಾರೆ. ತಟ್ಟೇಲಿ ಉಪ್ಪು ಸುರಿದರೂ ಸಾಯ್ತವೆ, ಬಿಸಿನೀರು ಹಾಕಿದರೂ ಸಾಯ್ತವೆ. ಹೊಟ್ಟೆ, ಲಿವರ್ ದಾಟಿ, ರಕ್ತಕ್ಕೆ ಸೇರಿ, ಗಂಟಿನ ತನಕ ಸಾಕಾಗುವಷ್ಟು ಹೋಗಿ, ಅದನ್ನು ಮಾತ್ರ ಕೊಂದು ನಿನ್ನನ್ನ ಬಿಡ್ಬೇಕಲ್ಲ, ಕಷ್ಟ ಇರೋದು ಅಲ್ಲಿ. ಕತ್ತಿ ಮುಟ್ಟಿಸಿದ್ರೆ ಹರಡುತ್ತೆ ಅನ್ನೋದೂ ಸುಳ್ಳು. ಮುಂಚೆಯೇ ಹರಡಿದ್ದು ಆಪರೇಷನ್ ಆದ ಮೇಲೆ ಗೊತ್ತಾಗುತ್ತೆ, ಬೈಗುಳ ಕತ್ತಿಗೆ ಬೀಳುತ್ತೆ. ನಿನ್ನ ಗಂಟು ಈಗ ಚಿಕ್ಕದು. ಕಾಯ್ತಾ ಕೂತರೆ ಅದು ಕಾಯಲ್ಲ, ಮೊದಲು ಕಂಕುಳಿನ ಗ್ರಂಥಿಗೆ ಹೋಗುತ್ತೆ. ಬೇಡ ದೊಡ್ಡಮ್ಮಾ."

ಓದಿದ ಗುರುತಾಗಿ ಎರಡು ನೀಲಿ ಗೆರೆ ಬಂದವು. ಸಂಜೆ ಫೋನೇ ಬಂತು.

"ಓದಿದೆ ಕಣೇ. ಚೆನ್ನಾಗಿ ಬರ್ದಿದ್ದೀಯ. ಪೇಪರಿಗೆ ಕಳಿಸು."

"ದೊಡ್ಡಮ್ಮಾ..."

"ಬರ್ದಿದ್ದನ್ನ ನಾನು ನಂಬಲ್ಲ, ನಿಂಗೊತ್ತು. ಬರೆಯೋವಾಗ ಯಾರು ಬೇಕಾದ್ರೂ ಸುಳ್ಳು ಬರೀಬಹುದು. ಆ ಎಲೆ ಫೋಟೋ, ಆ ರಾಮಬಾಣ, ಅದನ್ನೆಲ್ಲ ನಾನು ಓದೂ ಇಲ್ಲ. ನಾನು ಅವಳ ಧ್ವನಿ ಕೇಳಿದೆ. ಇಪ್ಪತ್ತು ಸಲ ಕೇಳಿದ್ದೀನಿ. ಕಾಸಿಗೆ ಮಾತಾಡೋಳಲ್ಲ ಅವಳು. ಯಾರೋ ಬರೆದುಕೊಟ್ಟಿದ್ದನ್ನ ಓದ್ತಾನೂ ಇಲ್ಲ. ನಿಜವಾಗ್ಲೂ ಗಂಟು ಕರಗಿದೆ ಅವಳಿಗೆ. ಇಲ್ಲ ಅನ್ನು ನೋಡೋಣ?"

ಹುಡುಗಿಗೆ ಇಲ್ಲ ಅನ್ನಲಾಗಲಿಲ್ಲ. ಏಕೆಂದರೆ ಗಂಟು ನಿಜವಾಗಿಯೂ ಕರಗಿತ್ತು, ಅದು ಅವಳಿಗೂ ಗೊತ್ತಿತ್ತು, ಯಾಕೆ ಕರಗಿತೆಂದು ಹೇಳುವಂತಿರಲಿಲ್ಲ. ಈ ಕಿವಿಗೆ ಒಂದು ಸುಳ್ಳು ಹೇಳಿದರೆ ಎಲ್ಲ ಮುಗಿದಂತೆಯೇ.

ಆ ಮೌನವನ್ನು ದೊಡ್ಡಮ್ಮ ಕೇಳಿಸಿಕೊಂಡಳು. "ನೋಡ್ದ್ಯಾ, ಸುಮ್ಮನಾದೆ. ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ ಎರಡು ತಿಂಗಳು ಮುಂದಕ್ಕೆ ಹಾಕಿಸಿದ್ದೀನಿ. ನಿನ್ನೆಯಿಂದ ಕುಡೀತಿದ್ದೀನಿ. ವಿಪರೀತ ಕಹಿ. ನಂಗೆ ಭಯ ಪುಟ್ಟಿ," ಎಂದಳು. ಕೊನೆಯ ಮಾತು ಎಷ್ಟು ಸಣ್ಣಗೆ ಬಂತೆಂದರೆ ಹುಡುಗಿಗೆ ಅದು ಕೇಳಿಸಿದ್ದೇ ಫೋನಿಟ್ಟ ಮೇಲೆ.

ಅವತ್ತಿನಿಂದ ಮೆಸೇಜಿನ ಆ ಧ್ವನಿ ಅವಳನ್ನು ಬಿಡಲಿಲ್ಲ. ಮೆಟ್ಟಿಲು ಹತ್ತುವಾಗ, ಕೈ ತೊಳೆಯುವ ನಲ್ಲಿಯ ಸದ್ದಿನಲ್ಲಿ, ಬೇರೆ ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ, ಚೆನ್ನಾಗಿದ್ದೀನಿ ಮರಿ, ಚೆನ್ನಾಗಿದ್ದೀನಿ. ಸತ್ತವರು ಸುಮ್ಮನಿರುತ್ತಾರೆ ಎಂದುಕೊಂಡಿದ್ದಳು. ಈ ಹೆಂಗಸು ಎಷ್ಟು ಮನೆಗಳಲ್ಲಿ, ಎಷ್ಟು ಅಡುಗೆಮನೆಗಳಲ್ಲಿ ಇದೇ ಹೊತ್ತಿಗೆ ಮಾತಾಡುತ್ತಿರಬಹುದು? ಯಾವ ಊರಿನ ಯಾವ ಹೆಂಗಸು ಇವಳ ಮಾತು ಕೇಳಿ ಆಪರೇಷನ್ ಮುಂದಕ್ಕೆ ಹಾಕಿಸುತ್ತಿರಬಹುದು? ಮಕ್ಕಳ ಮೂಗು ಒರೆಸಿ, ಜೋಗುಳ ಹೇಳಿ ಮಲಗಿಸುತ್ತಿದ್ದ ಆ ಒಳ್ಳೆಯ ಜೀವಕ್ಕೆ ಸತ್ತ ಮೇಲೂ ಬಿಡುವಿರಲಿಲ್ಲ. ಅವಳ ಒಳ್ಳೆಯತನವೇ ಜನರನ್ನು ಕೊಲ್ಲಲು ಹೊರಟಿತ್ತು, ಅವಳಿಗದು ಗೊತ್ತೂ ಇರಲಿಲ್ಲ.

ಅವಳು ತನ್ನ ಮೇಲಿನ ದೊಡ್ಡ ಡಾಕ್ಟರಿಗೆ ಎಲ್ಲ ಹೇಳಿದಳು. ನರೆಗೂದಲಿನ, ಕಡಿಮೆ ಮಾತಿನ ಹೆಂಗಸು ಆಕೆ. ಹುಡುಗಿಯ ಫೋನಿನಲ್ಲಿ ಆ ಧ್ವನಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀನು ಹೇಳೋ ಹಾಗಿಲ್ಲ. ನಾನೂ ಹೇಳೋ ಹಾಗಿಲ್ಲ," ಎಂದರು. "ಆದರೆ ಆ ಧ್ವನಿಗೆ ವಾರಸುದಾರರು ಇದ್ದಾರಲ್ಲ. ಮಗಳು ಇದ್ದಳು. ಅವಳನ್ನ ನಾನು ಕೇಳ್ತೀನಿ. ಅವಳು ಬೇಡ ಅಂದ್ರೆ ಅಲ್ಲಿಗೆ ಬಿಡೋಣ."

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದೊಡ್ಡ ಡಾಕ್ಟರು ಫೋನ್ ಮಾಡಿ, ಅವಳು ಬನ್ನಿ ಅಂದ ಮರುದಿನ, ಹುಡುಗಿ ಅಂಗಡಿಗೇ ಹೋದಳು. ಗೋಡೆಯ ತುಂಬ ಯಾರ ಮುಖವೂ ಇಲ್ಲದ ಕನ್ನಡಕಗಳು ಅವಳನ್ನೇ ನೋಡುತ್ತಿದ್ದವು. ಮಗಳು ಒಂದು ಗಾಜನ್ನು ಒರೆಸುತ್ತ, ಒರೆಸಿದ್ದನ್ನೇ ಒರೆಸುತ್ತ ನಿಂತಿದ್ದಳು.

"ನಂಗೂ ಬರುತ್ತೆ ಮೇಡಂ ಅದು," ಎಂದಳು. "ಗೊತ್ತಿಲ್ಲದೋರು ಕಳಿಸ್ತಾರೆ. ಕಳೆದ ವಾರ ಒಬ್ಬರು ಗಿರಾಕಿ ಇಲ್ಲೇ ಕೌಂಟರಲ್ಲಿ ನಿಂತು ಜೋರಾಗಿ ಹಾಕ್ಕೊಂಡು ಕೇಳ್ತಿದ್ರು. ಅಮ್ಮ ಒಳಗೆ ಬಂದ್ರೇನೋ ಅಂತ ತಿರುಗಿ ನೋಡಿಬಿಟ್ಟೆ."

ರೆಕಾರ್ಡ್ ಮಾಡಿದ್ದು ಮಗಳೇ. ಶಿಶುಗೃಹದ ತಾಯಂದಿರೆಲ್ಲ ಹೇಗಿದ್ದೀರಿ, ಹೇಗಿದ್ದೀರಿ ಎಂದು ಕೇಳುತ್ತಿದ್ದರಂತೆ. ಒಬ್ಬೊಬ್ಬರಿಗೂ ಹೇಳುವುದರ ಬದಲು ಒಂದೇ ಸಲ ಹೇಳಿಬಿಡೋಣ ಎಂದು ಅಮ್ಮ ಕೂತಿದ್ದಳು. ಈಗ ಊರೂರು ಸುತ್ತುತ್ತಿರುವುದಕ್ಕಿಂತ ಅದು ಉದ್ದವಾಗಿತ್ತು. ನಡುವೆ ಯಾರೋ ಕತ್ತರಿಸಿದ್ದರು. ಏನನ್ನು ಕತ್ತರಿಸಿದ್ದರು ಎಂದು ಅವಳು ಹೇಳಿದಾಗ ಹುಡುಗಿ ಅದನ್ನು ಇನ್ನೊಂದು ಸಲ ಹೇಳಿಸಿ ಕೇಳಿದಳು.

"ನಿಮ್ಮ ದೊಡ್ಡಮ್ಮನ ಹತ್ರ ನಾನೇ ಮಾತಾಡ್ಲಾ? ರೆಕಾರ್ಡ್ ಗಿಕಾರ್ಡ್ ಬೇಡ. ಅದರ ಸಹವಾಸ ಸಾಕು. ಫೋನಲ್ಲೇ ಮಾತಾಡ್ತೀನಿ," ಎಂದಳು ಮಗಳು.

ಮೂರನೇ ಮಹಡಿಯ ಮನೆಯಲ್ಲಿ ಬಾಗಿಲು ತೆಗೆಯುವ ಮುಂಚೆಯೇ ಕಷಾಯದ ಹಸಿ ವಾಸನೆ ಮೂಗಿಗೆ ಬಡಿಯಿತು. ಒಲೆಯ ಮೇಲೆ ಪಾತ್ರೆ, ಪಾತ್ರೆಯಲ್ಲಿ ಕಪ್ಪು ಹಸಿರು ನೀರು. ದೊಡ್ಡಮ್ಮನ ಮುಖ ಇಳಿದುಹೋಗಿತ್ತು. "ಮೆತ್ತಗಾಗಿದೆ ಅನ್ಸುತ್ತೆ ಪುಟ್ಟಿ, ಮುಟ್ಟಿ ನೋಡು," ಎಂದಳು, ಕೂರಲೂ ಬಿಡದೆ. ಹುಡುಗಿ ಮುಟ್ಟಿ ನೋಡಿದಳು. ಗಂಟು ಇದ್ದಲ್ಲೇ, ಇದ್ದಷ್ಟೇ, ಇದ್ದ ಹಾಗೇ ಇತ್ತು.

"ಇಲ್ಲ ದೊಡ್ಡಮ್ಮಾ. ದಿನಕ್ಕೆ ಹತ್ತು ಸಲ ಒತ್ತಿದ್ರೆ ಹಾಗೇ ಅನ್ಸುತ್ತೆ. ಈಗ ಒಂದು ಫೋನ್ ಬರುತ್ತೆ, ಮಾತಾಡು. ಆ ಮೆಸೇಜ್ ವಿಷಯ."

"ಯಾರು?"

"ಎತ್ತು. ನಿಂಗೇ ಗೊತ್ತಾಗುತ್ತೆ."

ಫೋನ್ ಬಂತು. ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಬೋರ್ಡಿನ ಮುಂದೆ ಕೂತವಳಂತೆಯೇ "ಹಲೋ" ಎಂದಳು. ಆ ಕಡೆಯಿಂದ ಸಣ್ಣದೊಂದು ನಗು, ನಗುವೂ ಅಲ್ಲ, ಮಾತಿಗೆ ಮುಂಚಿನ ಉಸಿರು. "ಹಲೋ, ನಮಸ್ಕಾರ," ಎಂದಿತು ಧ್ವನಿ.

ದೊಡ್ಡಮ್ಮನ ಮುಖ ದೀಪ ಹಚ್ಚಿದಂತಾಯಿತು. ಫೋನಿನ ಮೇಲೆ ಕೈ ಮುಚ್ಚಿ, ಹುಡುಗಿಯ ಕಡೆ ತಿರುಗಿ, "ಅವಳೇ ಕಣೇ! ಅವಳೇ! ನೋಡು, ಹೇಗಿದ್ದಾಳೆ, ಧ್ವನಿ ಇನ್ನೂ ಎಳೇದಾಗಿದೆ!" ಎಂದಳು.

ಹುಡುಗಿಗೆ ಆ ಸಂತೋಷವನ್ನು ನೋಡಲಾಗಲಿಲ್ಲ. ತಲೆ ತಗ್ಗಿಸಿದಳು. ಇಷ್ಟು ಕ್ರೂರವಾದ ಚಿಕಿತ್ಸೆಯನ್ನು ಅವಳು ಈವರೆಗೆ ಯಾರಿಗೂ ಕೊಟ್ಟಿರಲಿಲ್ಲ.

"ನೀವು ಚೆನ್ನಾಗಿದ್ದೀರಾ ಅಮ್ಮಾ?" ಎಂದು ಕೇಳುತ್ತಿದ್ದಳು ದೊಡ್ಡಮ್ಮ ಫೋನಿಗೆ. "ನಿಮ್ಮ ಮಾತು ಕೇಳಿ ನಂಗೆ ಎಷ್ಟು ಧೈರ್ಯ ಬಂತು ಗೊತ್ತಾ?"

"ನಾನು ಅವರ ಮಗಳು," ಎಂದಿತು ಧ್ವನಿ. "ಅಮ್ಮ ಹೋಗಿ ನಾಲ್ಕು ತಿಂಗಳಾಯ್ತು. ಅದೇ ಕ್ಯಾನ್ಸರಲ್ಲಿ."

ಪಕ್ಕದ ಮನೆಯ ಕುಕ್ಕರ್ ಕೂಗಿ ನಿಂತಿತು. ಮಗಳೇ ಹೇಳುತ್ತ ಹೋದಳು. ಅಮ್ಮ ಸುಳ್ಳು ಹೇಳಿರಲಿಲ್ಲ. ನಿಂಬೆಹಣ್ಣಿನಷ್ಟಿದ್ದ ಗಂಟು ಕರಗಿದ್ದು ನಿಜ. ಆದರೆ ಎಲೆ ಕುಡಿಯಲು ಶುರು ಮಾಡಿದ ತಿಂಗಳಲ್ಲೇ ಆಸ್ಪತ್ರೆಯಲ್ಲಿ ಎರಡು ಸಲ ಕೀಮೋ ಎಂಬ ಕೆಂಪು ಔಷಧಿಯ ಡ್ರಿಪ್ ಹಾಕಿದ್ದರು. ದೊಡ್ಡ ಗಂಟನ್ನು ಮೊದಲು ಚಿಕ್ಕದು ಮಾಡಿ ಆಮೇಲೆ ಕತ್ತರಿಸುವುದು ಡಾಕ್ಟರ ಲೆಕ್ಕಾಚಾರವಾಗಿತ್ತು. ಡ್ರಿಪ್ಪಿನಿಂದ ವಾಂತಿಯಾಯಿತು, ಕೂದಲು ಉದುರಿತು. ಎಲೆಯಿಂದ ಅಂಥದ್ದೇನೂ ಆಗಲಿಲ್ಲ. ಕೆಟ್ಟದ್ದೆಲ್ಲ ಡ್ರಿಪ್ಪಿನ ಪಾಲಿಗೆ, ಒಳ್ಳೆಯದೆಲ್ಲ ಎಲೆಯ ಪಾಲಿಗೆ ಹೋಯಿತು. ಇನ್ನೇನು ಕರಗಿತಲ್ಲ ಎಂದು ಅಮ್ಮ ಮೂರನೇ ಡ್ರಿಪ್ಪಿಗೂ ಹೋಗಲಿಲ್ಲ, ಆಪರೇಷನ್ನಿಗೂ ಹೋಗಲಿಲ್ಲ. ಎಲೆ ಮಾತ್ರ ತಪ್ಪದೆ ಕುಡಿದಳು. ಅದೇ ಹೊತ್ತಿನಲ್ಲಿ ಆ ಮಾತು ರೆಕಾರ್ಡ್ ಆಗಿದ್ದು.

"ಅದರಲ್ಲಿ ಡ್ರಿಪ್ ವಿಷಯಾನೂ ಹೇಳಿದ್ರು ಅಮ್ಮ. 'ಎರಡು ಸಲ ಕೆಂಪು ಡ್ರಿಪ್ ಹಾಕಿಸ್ಕೊಂಡೆ, ಆ ಸಹವಾಸ ಸಾಕು ಅಂತ ಬಿಟ್ಟೆ' ಅಂತ. ಯಾರು ಅದನ್ನ ಕತ್ತರಿಸಿದ್ರೋ ಗೊತ್ತಿಲ್ಲ. ಆರು ತಿಂಗಳಾದ ಮೇಲೆ ಕೆಮ್ಮು ಶುರುವಾಯ್ತು. ಅಷ್ಟೊತ್ತಿಗೆ ಲಿವರಿಗೂ ಶ್ವಾಸಕೋಶಕ್ಕೂ ಹೋಗಿತ್ತು. ಕೊನೇ ದಿನಗಳಲ್ಲಿ, ಅದನ್ನ ಅಳಿಸಿಬಿಡು ಅಂದ್ರು. ಅಳಿಸಿದೆ. ನನ್ನ ಫೋನಿಂದ ಮಾತ್ರ ಹೋಯ್ತು. ಕುಡೀಬೇಡಿ ಅಮ್ಮಾ. ನಮ್ಮಮ್ಮ ಇದ್ದಿದ್ರೆ ಅವರೇ ಫೋನ್ ಮಾಡ್ತಿದ್ರು," ಎಂದಳು.

ಫೋನಿಟ್ಟ ಮೇಲೆ ಹುಡುಗಿ ನೀರು ತಂದುಕೊಟ್ಟಳು. ದೊಡ್ಡಮ್ಮ ಅದನ್ನು ಪಕ್ಕಕ್ಕಿಟ್ಟು ಎದ್ದು, ಕಪಾಟಿನಿಂದ ಇಯರ್‌ಫೋನ್ ತಂದು ಎರಡೂ ಕಿವಿಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಅದೇ ಧ್ವನಿಮುದ್ರಣವನ್ನು ಮತ್ತೆ ಹಾಕಿಕೊಂಡಳು. ಒಂದು ಸಲ. ಇನ್ನೊಂದು ಸಲ. ಮೂರನೇ ಸಲಕ್ಕೆ ಬೆರಳೆತ್ತಿದಳು.

"ಇಲ್ಲಿ. 'ಈಗ ಹುಡುಕಿದ್ರೂ ಸಿಗಲ್ಲ' ಅಂತಾಳೆ, 'ಈ ಎಲೆ ಕುದಿಸಿ' ಅಂತಾಳೆ. ನಡುವೆ ಉಸಿರೇ ಇಲ್ಲ. ಹಿಂದೆ ಒಂದು ಫ್ಯಾನು ತಿರುಗ್ತಿದೆ, ಕಟಕಟ ಅಂತ. ಇಲ್ಲಿಗೆ ಬಂದು ಒಂದು ಏಟು ತಪ್ಪುತ್ತೆ." ಕಣ್ಣು ತೆರೆದಳು. ಕಣ್ಣಲ್ಲಿ ನೀರಿತ್ತು. "ಇಪ್ಪತ್ತು ಸಲ ಕೇಳಿದ್ದೀನಿ ಕಣೇ. ಮಾತು ಕೇಳಿದೆ, ಫ್ಯಾನ್ ಕೇಳ್ಲಿಲ್ಲ. ಬೋರ್ಡಲ್ಲಿ ಕೂತಾಗ ಲೈನಲ್ಲಿ ಕೂದಲೆಳೆಯಷ್ಟು ಕಟ್ ಆದ್ರೂ ಗೊತ್ತಾಗ್ತಿತ್ತು ನಂಗೆ."

"ಭಯದಲ್ಲಿ ಯಾರಿಗೂ ಗೊತ್ತಾಗಲ್ಲ ದೊಡ್ಡಮ್ಮಾ."

"ಭಯ ಅಲ್ಲ. ಆಸೆ," ಎಂದಳು ದೊಡ್ಡಮ್ಮ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಹುಡುಗಿ ಅವಳನ್ನು ತಬ್ಬಿಕೊಂಡು ಕೂತಳು. ತಾನೂ ಅತ್ತಳು. ತನ್ನ ದೊಡ್ಡಮ್ಮನಿಗಾಗಿ ಅತ್ತಳೋ, ಕಿಟಕಿ ಪಕ್ಕದ ಹಾಸಿಗೆಯವಳಿಗಾಗಿ ಅತ್ತಳೋ ಅವಳಿಗೇ ತಿಳಿಯಲಿಲ್ಲ.

ಅಳು ಮುಗಿದ ಮೇಲೆ ದೊಡ್ಡಮ್ಮ ಕೇಳಿದ್ದು ಕೆಲಸದ ಮಾತು. "ಈಗ ಇಷ್ಟು ದಿನ ಕುಡಿದಿದ್ದೀನಲ್ಲ, ಆಪರೇಷನ್‌ಗೆ ತೊಂದ್ರೆನಾ?"

"ಅರಿವಳಿಕೆ ಕೊಡೋ ಡಾಕ್ಟರಿಗೆ ಮುಚ್ಚಿಡದೆ ಹೇಳ್ಬೇಕು. ಲಿವರ್ ಹೇಗಿದೆ, ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಾ ಅಂತ ಒಂದು ಸಲ ರಕ್ತ ಪರೀಕ್ಷೆ ಮಾಡ್ತಾರೆ. ಆ ಎಲೇಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ವಲ್ಲ."

ಲಿವರಿನ ಪರೀಕ್ಷೆಯಲ್ಲಿ ಅಂಕಿಗಳು ಸ್ವಲ್ಪ ಏರಿದ್ದವು, ಅವು ಇಳಿಯುವವರೆಗೆ ಕಾದರು. ಆಮೇಲೆ ಆಪರೇಷನ್ ಆಯಿತು. ಗಂಟನ್ನೂ ಅದರ ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆದರು. ಕಂಕುಳಿನಲ್ಲಿ ಮೊದಲು ಸಿಗುವ ಕೆಲವು ಗ್ರಂಥಿಗಳನ್ನು ತೆಗೆದು ನೋಡಿದರು. ಒಂದರಲ್ಲಿ ಕ್ಯಾನ್ಸರ್ ಕಣಗಳು ಕಂಡವು. ಬರೀ ಒಂದರಲ್ಲಿ. ಅದು ಎಲೆ ಕುಡಿಯುತ್ತ ಕಾದ ದಿನಗಳಲ್ಲಿ ಹೋದದ್ದೋ, ಅದಕ್ಕೂ ಮುಂಚೆ ಒಬ್ಬಳೇ ಗುಟ್ಟು ಇಟ್ಟುಕೊಂಡಿದ್ದ ವಾರಗಳಲ್ಲಿ ಹೋದದ್ದೋ, ಅಥವಾ ಮೊದಲಿಂದಲೂ ಇತ್ತೋ, ಯಾವ ಡಾಕ್ಟರೂ ಹೇಳಲಾರರು. ಹುಡುಗಿಯೂ ಹೇಳಲಾರಳು. ಆದರೂ ಆ ಪ್ರಶ್ನೆ ಅವಳ ಜೊತೆಗೇ ಓಡಾಡಿತು. ದೊಡ್ಡಮ್ಮ ಮಾತ್ರ ಒಮ್ಮೆಯೂ ಕೇಳಲಿಲ್ಲ.

ಗ್ರಂಥಿಯಲ್ಲಿ ಕಂಡದ್ದರಿಂದ ಆಕೆಗೂ ಕೆಂಪು ಡ್ರಿಪ್ ಬೇಕಾಯಿತು. ಮೊದಲ ದಿನ ಆ ಬಣ್ಣ ಕೊಳವೆಯಲ್ಲಿ ಇಳಿಯುವುದನ್ನೇ ನೋಡುತ್ತ, "ಇದು ಯಾವುದರಿಂದ ಮಾಡಿದ್ದು?" ಎಂದು ಕೇಳಿದಳು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯಿಂದ ಮೊದಲು ಸಿಕ್ಕಿದ್ದು ಎಂದಳು ಹುಡುಗಿ. "ಅಂದ್ರೆ ಎಲೆ ಬೇಡ ಅಂತ ಹೇಳಿ ಮಣ್ಣು ತಿನ್ನಿಸ್ತಿದ್ದೀರಿ," ಎಂದಳು ದೊಡ್ಡಮ್ಮ. ನರ್ಸು ನಕ್ಕಳು. ಎರಡನೇ ಡ್ರಿಪ್ಪಿನ ಹೊತ್ತಿಗೆ ಕೂದಲು ಹೋಯಿತು. ಎರಡು ಆದ ಮೇಲೆ ಆ ಇನ್ನೊಬ್ಬ ಹೆಂಗಸು ಡ್ರಿಪ್ ನಿಲ್ಲಿಸಿದ್ದು ಇಬ್ಬರಿಗೂ ನೆನಪಿತ್ತು. ಮೂರನೆಯದಕ್ಕೆ ದೊಡ್ಡಮ್ಮ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ಕೂತಿದ್ದಳು.

ಡ್ರಿಪ್ಪುಗಳೆಲ್ಲ ಮುಗಿದು, ತಲೆಯ ಮೇಲೆ ಬಿಳಿಯ ಕುಡಿಗೂದಲು ಬಂದಾಗ, ಹುಡುಗಿಗೆ ಒಂದು ಯೋಚನೆ ಬಂತು. ಎಲೆಯ ಮೆಸೇಜು ಇನ್ನೂ ಊರೂರು ಸುತ್ತುತ್ತಿತ್ತು. ವಾರ್ಡಿಗೆ ಬಂದ ಹೊಸ ರೋಗಿಗಳ ಫೋನಿನಲ್ಲೂ ಆ ನಗು, ಆ ಮರಿ.

"ದೊಡ್ಡಮ್ಮಾ, ನೀನೂ ಒಂದು ಮಾತು ರೆಕಾರ್ಡ್ ಮಾಡು. ಆಪರೇಷನ್ ಮಾಡಿಸ್ಕೊಂಡೆ, ಡ್ರಿಪ್ ಹಾಕಿಸ್ಕೊಂಡೆ, ಈಗ ಚೆನ್ನಾಗಿದ್ದೀನಿ ಅಂತ. ನಿನ್ನ ಧ್ವನಿ ಕೇಳಿದ್ರೆ ಜನ ನಂಬ್ತಾರೆ."

ದೊಡ್ಡಮ್ಮ ಒಪ್ಪುತ್ತಾಳೆಂದೇ ಅವಳು ಅಂದುಕೊಂಡಿದ್ದಳು. ಇಡೀ ಜನ್ಮ ಮಾತಿನಲ್ಲೇ ಕಳೆದವಳು.

"ಬೇಡ ಪುಟ್ಟಿ," ಎಂದಳು ದೊಡ್ಡಮ್ಮ. "ಚೆನ್ನಾಗಿದ್ದೀನಿ ಅಂತ ಅವಳೂ ನಿಜಾನೇ ಹೇಳಿದ್ಳು. ಹೇಳಿದ ದಿನಕ್ಕೆ ಅದು ನಿಜ. ಮಾತು ಅಲ್ಲೇ ನಿಂತ್ಬಿಡ್ತು, ಅವಳು ಮುಂದೆ ಹೋದ್ಳು. ನಂದೂ ಹಾಗೆ ಆದ್ರೆ? ನಾನು ಇಲ್ಲದ ಮೇಲೂ ನನ್ನ ಧ್ವನಿ ಯಾರ್ಯಾರ ಮನೇಲೋ ಚೆನ್ನಾಗಿದ್ದೀನಿ, ಚೆನ್ನಾಗಿದ್ದೀನಿ ಅಂತ ಕೂಗ್ತಾ ಇರೋದು ನಂಗೆ ಬೇಡ."

"ಮತ್ತೆ ಹೆದರಿದೋರಿಗೆ ಏನು ಹೇಳ್ಲಿ ನಾನು?"

"ನನ್ನ ನಂಬರ್ ಕೊಡು. ಎಷ್ಟು ಜನ ಬೇಕಾದ್ರೂ ಫೋನ್ ಮಾಡ್ಲಿ. ನಂಗೇನು ಬೇರೆ ಕೆಲಸ ಇದೆ? ಎತ್ತಿ ಮಾತಾಡ್ತೀನಿ, ಅವತ್ತು ನಾನು ಹೇಗಿದ್ದೀನೋ ಹಾಗೆ ಹೇಳ್ತೀನಿ." ಆಕೆ ಅಂಗೈಯಿಂದ ತಲೆಯ ಕುಡಿಗೂದಲನ್ನು ಸವರಿಕೊಂಡಳು. "ಒಂದು ದಿನ ನಾನು ಎತ್ತಲ್ಲ. ಆಗ, ಎತ್ಲಿಲ್ಲ ಅಂದ್ರೆ ಇವಳಿಲ್ಲ ಅಂತ ಅವರಿಗೆ ಗೊತ್ತಾಗ್ಬೇಕು."